ಗದ್ದೆಯ ಕೆಸರು, ಸಕ್ಕರೆ ಕಾಯಿಲೆ, ಬಿಡದ ಜ್ವರ

ಮಳೆಗಾಲದಲ್ಲೂ ಅದರ ಬೆನ್ನಿಗೂ ಕರಾವಳಿಯಿಂದ ಬರುವ ಪತ್ರಗಳಲ್ಲಿ ಜ್ವರದ್ದೇ ದೊಡ್ಡ ಪಾಲು. ಇಲಿ ಜ್ವರ, ಡೆಂಗಿ, ಮಲೇರಿಯಾ ಎಲ್ಲರಿಗೂ ಗೊತ್ತು. ಮೆಲಿಯಾಯ್ಡೋಸಿಸ್ ಎಂಬ ಹೆಸರು ಮಾತ್ರ ಮನೆಯಲ್ಲಿ ಯಾರಿಗಾದರೂ ಬಂದ ಮೇಲೆಯೇ ಕಿವಿಗೆ ಬೀಳುತ್ತದೆ. ಈ ಸಂಚಿಕೆಯಲ್ಲಿ ಅದೊಂದೇ ಕಾಯಿಲೆಯ ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನ್ನ ತಂದೆಗೆ 56 ವರ್ಷ. ಬೈಲಿನಲ್ಲಿ ಎರಡು ಎಕರೆ ಗದ್ದೆ ಇದೆ, ಏಣೇಲು ಬೆಳೆ ಈಗಲೂ ಅವರೇ ಮಾಡುತ್ತಾರೆ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ತಿಂದರೆ ತಿಂದರು, ಇಲ್ಲದಿದ್ದರೆ ಇಲ್ಲ. ಆಗಸ್ಟ್‌ನಲ್ಲಿ ಜ್ವರ, ಕೆಮ್ಮು ಶುರುವಾಯಿತು. ಇಲಿ ಜ್ವರ, ಡೆಂಗಿ ಎರಡೂ ನೆಗೆಟಿವ್. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಶುರು ಮಾಡಿದರು. ಐದು ವಾರ ತಿಂದರೂ ಜ್ವರ ಬಿಡಲಿಲ್ಲ, ಎಂಟು ಕಿಲೋ ಇಳಿದರು. ಆಮೇಲೆ ಎಡ ಮೊಣಕಾಲು ಊದಿಕೊಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೀವು ತೆಗೆದು ಪರೀಕ್ಷೆಗೆ ಕಳಿಸಿದಾಗ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂದು ರಿಪೋರ್ಟ್ ಬಂತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗುಲ್ಮದಲ್ಲೂ ಲಿವರಿನಲ್ಲೂ ಸಣ್ಣ ಸಣ್ಣ ಕೀವಿನ ಗುಳ್ಳೆಗಳಿವೆ. ದಾಖಲಾದ ದಿನ ಶುಗರ್ 380 ಇತ್ತು. ಈಗ ಇಂಜೆಕ್ಷನ್ ಶುರುವಾಗಿ ಆರು ದಿನ ಆಯಿತು, ಸಂಜೆಯಾದರೆ 102 ಡಿಗ್ರಿ ಜ್ವರ ಬರುತ್ತಲೇ ಇದೆ. ಇಂಜೆಕ್ಷನ್ ನಾಲ್ಕು ವಾರ, ಮಾತ್ರೆ ಮತ್ತೆ ಮೂರು ತಿಂಗಳು ಎನ್ನುತ್ತಾರೆ. ಔಷಧಿ ನಾಟುತ್ತಿಲ್ಲವೇ? ಬೆಂಗಳೂರಿಗೆ ಕರೆದುಕೊಂಡು ಹೋಗಬೇಕೇ?
— ಕಾರ್ಕಳ ತಾಲ್ಲೂಕು

ಉತ್ತರ: ಮೊದಲು ಜ್ವರದ ವಿಷಯ. ಈ ಕಾಯಿಲೆಯಲ್ಲಿ ಸರಿಯಾದ ಔಷಧಿ ಸರಿಯಾದ ಪ್ರಮಾಣದಲ್ಲಿ ಹೋಗುತ್ತಿದ್ದರೂ ಜ್ವರ ಇಳಿಯಲು ಸಾಮಾನ್ಯವಾಗಿ ಒಂಬತ್ತು ದಿನದಷ್ಟು ಬೇಕು. ಒಳಗೆ ಕೀವಿನ ಗುಳ್ಳೆಗಳಿದ್ದರೆ ಅದಕ್ಕಿಂತ ಹೆಚ್ಚೂ ಆಗಬಹುದು. ನಿಮ್ಮ ತಂದೆಗೆ ಎರಡು ಕಡೆ ಗುಳ್ಳೆ, ಒಂದು ಕೀಲಿನಲ್ಲಿ ಕೀವು. ಆರನೇ ದಿನ ಜ್ವರ ಇದ್ದ ಮಾತ್ರಕ್ಕೆ ಔಷಧಿ ಸೋತಿತು ಎನ್ನಲಾಗದು. ಆಸ್ಪತ್ರೆ ಬದಲಾಯಿಸುವ ಗಡಿಬಿಡಿಯಲ್ಲಿ ಎರಡು ಡೋಸ್ ತಪ್ಪಿದರೆ ಆಗುವ ನಷ್ಟವೇ ದೊಡ್ಡದು. ಈ ಕಾಯಿಲೆ ಮಣಿಪಾಲ, ಮಂಗಳೂರಿನ ವೈದ್ಯರಿಗೆ ಹೊಸದೇನಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಕರಾವಳಿಯ ಇಂಥ ರೋಗಿಗಳ ಬಗ್ಗೆ ಬಹಳ ವರ್ಷಗಳಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆಯುತ್ತ ಬಂದಿದ್ದಾರೆ. ಇದಕ್ಕಾಗಿ ಘಟ್ಟ ಹತ್ತಬೇಕಾಗಿಲ್ಲ.

ಜ್ವರದ ಚಾರ್ಟ್‌ಗಿಂತ ಬೇರೆ ಮೂರು ಸಂಗತಿ ಗಮನಿಸಿ. ಉಸಿರಾಟ ಮತ್ತು ರಕ್ತದೊತ್ತಡ ನೆಟ್ಟಗಿವೆಯೇ? ಊಟ ಸ್ವಲ್ಪವಾದರೂ ಸೇರುತ್ತಿದೆಯೇ? ರಕ್ತದ ಕಲ್ಚರ್ ಮತ್ತೆ ಮಾಡಿದಾಗ ರೋಗಾಣು ಬೆಳೆಯುವುದು ನಿಂತಿದೆಯೇ? ವಾರಕ್ಕೊಮ್ಮೆ ರಕ್ತದ ಕಲ್ಚರ್ ಕಳಿಸಿ ಅದು ನೆಗೆಟಿವ್ ಆಗುವವರೆಗೆ ನೋಡುವುದು ಪದ್ಧತಿ. ಒಂದು ವಾರದ ಚಿಕಿತ್ಸೆಯ ನಂತರವೂ ರಕ್ತದಲ್ಲಿ ರೋಗಾಣು ಬೆಳೆದರೆ ಎಲ್ಲೋ ಕೀವು ಅಡಗಿದೆ ಎಂದು ಹುಡುಕುತ್ತಾರೆ, ಔಷಧಿಗೆ ರೋಗಾಣು ಬಗ್ಗುತ್ತದೆಯೇ ಎಂದೂ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಗಂಡಸರಲ್ಲಿ ಹಾಗೆ ಅಡಗುವ ಜಾಗಗಳಲ್ಲಿ ಒಂದು ಪ್ರಾಸ್ಟೇಟ್ ಗ್ರಂಥಿ. ತಂದೆಗೆ ಮೂತ್ರ ಕಟ್ಟಿದಂತಾಗುತ್ತಿದೆಯೇ, ಉರಿಯುತ್ತಿದೆಯೇ ಎಂದು ಕೇಳಿ ನೋಡಿ. ಇಂಥದನ್ನು ಮಗನ ಮುಂದೆ ಹೇಳಿಕೊಳ್ಳಲು ಹಿರಿಯರಿಗೆ ಸಂಕೋಚ. ಹೊಟ್ಟೆಯ ಸ್ಕ್ಯಾನಿಂಗ್ ಮಾಡುವಾಗ ಕಿಬ್ಬೊಟ್ಟೆಯನ್ನೂ ಸೇರಿಸಿ ನೋಡಿದ್ದಾರೆಯೇ ಎಂದು ವೈದ್ಯರನ್ನೂ ಕೇಳಿ.

ಮೊಣಕಾಲಿನ ಕೀವನ್ನು ಒಂದು ಸಲ ಸೂಜಿಯಿಂದ ಎಳೆದರೆ ಸಾಲದು, ಕೀಲನ್ನು ತೊಳೆಯಬೇಕಾಗುತ್ತದೆ, ಕೆಲವೊಮ್ಮೆ ಎರಡು ಮೂರು ಸಲ. ಗುಲ್ಮದಲ್ಲಿರುವ ಸಣ್ಣ ಗುಳ್ಳೆಗಳಿಗೆ ಯಾರೂ ಕತ್ತರಿ ಹಾಕುವುದಿಲ್ಲ, ಅವು ಔಷಧಿಗೇ ಕರಗಬೇಕು. ಒಂದು ವಿಷಯ ಮನೆಯವರಿಗೆ ಯಾರೂ ಹೇಳಿರುವುದಿಲ್ಲ: ನಾಲ್ಕು ವಾರದ ಲೆಕ್ಕ ಮೊದಲ ಇಂಜೆಕ್ಷನ್‌ನಿಂದ ಅಲ್ಲ. ಕೊನೆಯ ಸಲ ತೆಗೆದ ಕೀವಿನಲ್ಲಿ ರೋಗಾಣು ಬೆಳೆದಿದ್ದರೆ, ಅದನ್ನು ತೆಗೆದ ದಿನದಿಂದ ಲೆಕ್ಕ ಶುರು. ಹೀಗಾಗಿ ಎರಡನೇ ವಾರ ಮೊಣಕಾಲು ತೊಳೆದು ಅಲ್ಲಿ ಮತ್ತೆ ರೋಗಾಣು ಸಿಕ್ಕರೆ ಡಿಸ್ಚಾರ್ಜ್ ಮುಂದಕ್ಕೆ ಹೋಗುತ್ತದೆ. ಆಸ್ಪತ್ರೆಯವರು ಬಿಲ್ಲು ಏರಿಸಲು ಹೀಗೆ ಮಾಡುತ್ತಾರೆ ಎಂಬ ಮಾತು ಆಗ ಬಂಧುಗಳಿಂದ ಬರುತ್ತದೆ. ನಂಬಬೇಡಿ. ಮೂಳೆಗೆ ಸೋಂಕು ಇಳಿದಿದ್ದರೆ ಇಂಜೆಕ್ಷನ್ ಆರು ವಾರ, ಮಾತ್ರೆ ಆರು ತಿಂಗಳು. ಮಿದುಳಿಗೆ ಹೋಗಿದ್ದರೆ ಇಂಜೆಕ್ಷನ್ ಎಂಟು ವಾರ. ನಿಮ್ಮ ತಂದೆಗೆ ಮೊಣಕಾಲಿನ ಮೂಳೆಯ ಎಂಆರ್‌ಐ ಮಾಡಿಸಲು ಹೇಳಿದರೆ ಅದು ಈ ಅವಧಿ ನಿರ್ಧರಿಸಲಿಕ್ಕೆ.

ಇಷ್ಟು ದೀರ್ಘ ಯಾಕೆ? ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ. ಈ ರೋಗಾಣು ನುಂಗಿಸಿಕೊಂಡು ಒಳಗೇ ಬದುಕುತ್ತದೆ, ಅಲ್ಲೇ ಸಂತಾನ ಬೆಳೆಸುತ್ತದೆ, ಒಂದು ಜೀವಕೋಶದಿಂದ ಪಕ್ಕದ ಜೀವಕೋಶಕ್ಕೆ ಹೊರಗೆ ಬರದೆಯೇ ದಾಟುತ್ತದೆ. ರಕ್ತದಲ್ಲಿ ಓಡಾಡುವ ಔಷಧಿಗೆ ಅದು ಸುಲಭದಲ್ಲಿ ಸಿಗುವುದಿಲ್ಲ. ಸಕ್ಕರೆ ಏರಿದ ದೇಹದಲ್ಲಿ ಬಿಳಿ ಕಣಗಳು ಸೋಂಕಿನ ಜಾಗಕ್ಕೆ ತಡವಾಗಿ ಬರುತ್ತವೆ, ಬಂದರೂ ಕೊಲ್ಲುವ ಕಸುವು ಕಡಿಮೆ. ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಕ್ಕರೆ ಕಾಯಿಲೆಯವರು. ಶುಗರ್ ಇರುವವರಿಗೆ ಇದು ತಗಲುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಹನ್ನೆರಡು ಪಟ್ಟು. ವಿಪರೀತ ಕುಡಿತ, ಕಿಡ್ನಿ ಕಾಯಿಲೆ, ದೀರ್ಘಕಾಲ ಸ್ಟೀರಾಯ್ಡ್ ಸೇವನೆ ಕೂಡ ದಾರಿ ಮಾಡಿಕೊಡುತ್ತವೆ. ಆಸ್ಪತ್ರೆಯಲ್ಲಿ ತಂದೆಗೆ ಇನ್ಸುಲಿನ್ ಕೊಡುತ್ತಿದ್ದರೆ ಅದು ಈ ಚಿಕಿತ್ಸೆಯ ಭಾಗವೇ. ಇಂಜೆಕ್ಷನ್ ಹತ್ತಿದರೆ ಅಭ್ಯಾಸವಾಗುತ್ತದೆ ಎಂದು ಬೇಡವೆನ್ನಬೇಡಿ.

ಟಿಬಿ ಎಂದು ಮೊದಲು ಹೇಳಿದ ವೈದ್ಯರ ಮೇಲೆ ನಿಮಗೆ ಕೋಪ ಇರಬಹುದು. ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ, ಸಂಜೆ ಜ್ವರ, ತೂಕ ಇಳಿಕೆ, ಇದನ್ನು ನೋಡಿ ನಮ್ಮ ದೇಶದಲ್ಲಿ ಯಾವ ವೈದ್ಯರಿಗೂ ಮೊದಲು ಬರುವ ಹೆಸರು ಕ್ಷಯವೇ. ಎಕ್ಸ್‌ರೇಯಲ್ಲಿ ಇವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಆದರೆ ಕಫದಲ್ಲಿ ರೋಗಾಣು ಸಿಗದೆ, ಕೇವಲ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಶುರು ಮಾಡುವಾಗ ಗದ್ದೆಗೆ ಇಳಿಯುವ, ಶುಗರ್ ಇರುವ ಮನುಷ್ಯನ ಕಫ ಮತ್ತು ರಕ್ತವನ್ನು ಸಾಮಾನ್ಯ ಕಲ್ಚರ್‌ಗೂ ಕಳಿಸಬೇಕಿತ್ತು. ಅದನ್ನು ಕಳಿಸಿದ್ದರೆ ಐದು ವಾರ ಉಳಿಯುತ್ತಿತ್ತು.

ಪ್ರಶ್ನೆ: ನಮ್ಮ ಯಜಮಾನರಿಗೆ ಈ ಕಾಯಿಲೆ ಎಂದು ಗೊತ್ತಾದ ಮೇಲೆ ಅತ್ತೆ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ?
— ಕುಂದಾಪುರ

ಉತ್ತರ: ಇಲ್ಲ ಎಂದೇ ಹೇಳಬಹುದು ತಾಯೀ. ಮನುಷ್ಯನಿಂದ ಮನುಷ್ಯನಿಗೆ ಹೋದ ಉದಾಹರಣೆ ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ತಟ್ಟೆ, ಹಾಸಿಗೆ, ಕೆಮ್ಮಿನಿಂದ ಮಕ್ಕಳಿಗೆ ಬರುತ್ತದೆ ಎಂದು ಹೆದರಬೇಕಿಲ್ಲ. ಗಾಯದಿಂದ ಕೀವು ಸೋರುತ್ತಿದ್ದರೆ ಬಟ್ಟೆ ಬದಲಾಯಿಸುವವರು ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆದುಕೊಂಡರೆ ಸಾಕು. ನಿಮ್ಮ ಅತ್ತೆಗೂ ಶುಗರ್ ಇದ್ದು ಅವರೂ ಗದ್ದೆಗೆ ಇಳಿಯುವವರಾದರೆ, ಅವರಿಗೆ ಭಯ ಇರಬೇಕಾದದ್ದು ಮಗನಿಂದಲ್ಲ, ಗದ್ದೆಯಿಂದ.

ಪ್ರಶ್ನೆ: ನನಗೆ 61 ವರ್ಷ, ತೂಕ 58 ಕಿಲೋ. ಲಿವರಿನಲ್ಲಿ ಕೀವಾಗಿ ಆಸ್ಪತ್ರೆಯಲ್ಲಿ ಒಂದು ತಿಂಗಳು ಇದ್ದೆ. ಮನೆಗೆ ಬರುವಾಗ ಕೋಟ್ರೈಮಾಕ್ಸಜೋಲ್ ಮಾತ್ರೆ ಬರೆದರು, ಬೆಳಿಗ್ಗೆ ಒಂದೂವರೆ, ರಾತ್ರಿ ಒಂದೂವರೆ, ಮೂರು ತಿಂಗಳು. ಜೊತೆಗೆ ಫೋಲಿಕ್ ಆಸಿಡ್. ನನಗೆ ಶುಗರ್‌ಗೆ ಗ್ಲಿಮಿಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್ ಇದೆ. ನಾಲ್ಕನೇ ವಾರ ಹೊಟ್ಟೆ ತೊಳಸುವುದು ಶುರುವಾಯಿತು. ಎರಡು ಸಲ ಬೆಳಗಿನ ಜಾವ ಮೈಯೆಲ್ಲ ಬೆವರಿ ಕೈ ನಡುಗಿತು. ಮೆಡಿಕಲ್ ಶಾಪಿನವರು ಈ ಮಾತ್ರೆ ಇಷ್ಟು ಯಾರೂ ತಿನ್ನುವುದಿಲ್ಲ, ಡೋಸ್ ಹೆಚ್ಚಾಗಿದೆ ಅಂದರು. ಜ್ವರ ಇಲ್ಲ, ಊಟ ಸೇರುತ್ತದೆ, ಆರಾಮವಾಗಿದ್ದೇನೆ. ಹತ್ತು ದಿನದಿಂದ ಮಾತ್ರೆ ಬಿಟ್ಟಿದ್ದೇನೆ. ತೊಂದರೆ ಇದೆಯೇ?
— ಪುತ್ತೂರು

ಉತ್ತರ: ಇದೆ. ಈ ಪತ್ರಿಕೆ ನಿಮ್ಮ ಕೈ ಸೇರುವ ಮೊದಲೇ ನೀವು ಆ ಆಸ್ಪತ್ರೆಗೆ ಹೋಗಿರಲಿ ಎಂದು ನಿಮಗೆ ನೇರವಾಗಿಯೂ ಬರೆದಿದ್ದೇನೆ. ಆದರೂ ನಿಮ್ಮ ಪತ್ರದ ಒಂದೊಂದು ಸಾಲೂ ಬೇರೆಯವರಿಗೆ ಬೇಕಾದ್ದು, ಅದಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಡೋಸ್ ಹೆಚ್ಚಾಗಿಲ್ಲ. ಮೂತ್ರದ ಸೋಂಕಿಗೋ ಭೇದಿಗೋ ಇದೇ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಕೆಲವು ದಿನ ಕೊಡುತ್ತಾರೆ. ಮೆಡಿಕಲ್ ಶಾಪಿನವರಿಗೆ ಗೊತ್ತಿರುವುದು ಆ ಲೆಕ್ಕ. ಮೆಲಿಯಾಯ್ಡೋಸಿಸ್‌ಗೆ ತೂಕ ನೋಡಿ ಕೊಡಬೇಕು. 40ರಿಂದ 60 ಕಿಲೋ ಇರುವ ದೊಡ್ಡವರಿಗೆ 960 ಮಿಲಿಗ್ರಾಂನ ದೊಡ್ಡ ಮಾತ್ರೆ ಒಂದೂವರೆಯಂತೆ ದಿನಕ್ಕೆ ಎರಡು ಸಲ, 60 ದಾಟಿದವರಿಗೆ ಎರಡರಂತೆ ಎರಡು ಸಲ. ಕಿಡ್ನಿ ದುರ್ಬಲವಾಗಿದ್ದರೆ ಮಾತ್ರ ಇಳಿಸುತ್ತಾರೆ. ನಿಮಗೆ ಬರೆದದ್ದು ಸರಿಯಾಗಿಯೇ ಇದೆ. ಬೇರೆ ವೈದ್ಯರ ಹತ್ತಿರ ಬೇರೆ ಕಾರಣಕ್ಕೆ ಹೋದಾಗಲೂ ಯಾರಾದರೂ ಇದನ್ನು ಒಂದಕ್ಕೆ ಇಳಿಸಿಬಿಡುವ ಸಾಧ್ಯತೆ ಇದೆ. ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೇ ಒಯ್ಯಿರಿ.

ಬೆಳಗಿನ ಬೆವರು, ನಡುಕಕ್ಕೆ ಬರೋಣ. ಅದು ಬಹುಶಃ ಶುಗರ್ ಕೆಳಗೆ ಇಳಿದದ್ದು. ಕೋಟ್ರೈಮಾಕ್ಸಜೋಲ್‌ನಲ್ಲಿರುವ ಸಲ್ಫಾ ಔಷಧಿಗೂ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಗಳಿಗೂ ಜೊತೆ ಬಿದ್ದರೆ ಶುಗರ್ ತೀರಾ ಇಳಿಯಬಹುದು. ಕಿಡ್ನಿ ಸ್ವಲ್ಪ ಸೋತವರಲ್ಲಿ ಇದು ಇನ್ನೂ ಹೆಚ್ಚು. ಇದಕ್ಕೆ ಪರಿಹಾರ ಆ್ಯಂಟಿಬಯೋಟಿಕ್ ಬಿಡುವುದಲ್ಲ, ಶುಗರ್ ಮಾತ್ರೆಯನ್ನು ಕಡಿಮೆ ಮಾಡುವುದು ಅಥವಾ ಆ ಮೂರು ತಿಂಗಳು ಇನ್ಸುಲಿನ್‌ಗೆ ಬದಲಾಗುವುದು. ಅದನ್ನು ನಿಮ್ಮ ವೈದ್ಯರು ಮಾಡಿಕೊಡುತ್ತಾರೆ. ಮತ್ತೆ ಹಾಗಾದರೆ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ.

ಟೆಲ್ಮಿಸಾರ್ಟನ್ ಕಡೆಗೂ ಗಮನ ಬೇಕು. ಆ ಜಾತಿಯ ಬಿಪಿ ಮಾತ್ರೆಯೂ ಕೋಟ್ರೈಮಾಕ್ಸಜೋಲೂ ಎರಡೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಜೊತೆಯಾದಾಗ ಅದು ಸದ್ದಿಲ್ಲದೆ ಹೃದಯದ ಬಡಿತ ಕೆಡಿಸುವ ಮಟ್ಟಕ್ಕೆ ಹೋಗಬಹುದು, ಮೊದಲೇ ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲಿ ಮಾತ್ರ. ಹಾಗಾಗಿ ಮಾತ್ರೆ ಶುರುವಾದ ಮೊದಲ ಕೆಲವು ವಾರ ವಾರಕ್ಕೊಮ್ಮೆ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತ ಕಣಗಳ ಎಣಿಕೆ ಮಾಡಿಸಬೇಕು. ಕ್ರಿಯಾಟಿನಿನ್ ತುಸು ಏರಿದರೆ ಕಿಡ್ನಿ ಹೋಯಿತು ಎಂದು ಗಾಬರಿ ಬೇಡ, ಈ ಔಷಧಿ ಕಿಡ್ನಿಗೆ ಪೆಟ್ಟು ಕೊಡದೆಯೂ ಆ ಅಂಕಿಯನ್ನು ಸ್ವಲ್ಪ ಎತ್ತುತ್ತದೆ. ಎಷ್ಟು ಏರಿದರೆ ಡೋಸ್ ಬದಲಿಸಬೇಕು ಎಂಬುದು ವೈದ್ಯರ ಲೆಕ್ಕ.

ಹೊಟ್ಟೆ ತೊಳಸುವುದಕ್ಕೆ ಊಟದ ನಡುವೆ ಅಥವಾ ಊಟವಾದ ಕೂಡಲೇ ಮಾತ್ರೆ ತಿನ್ನಿ, ನೀರು ಹೆಚ್ಚು ಕುಡಿಯಿರಿ. ವೈದ್ಯರು ವಾಂತಿಗೆ ಮಾತ್ರೆ ಕೊಡಬಹುದು. ಯಾರನ್ನೂ ಕೇಳದೆ ಆ ಕ್ಷಣವೇ ನಿಲ್ಲಿಸಬೇಕಾದ ಸಂದರ್ಭ ಒಂದಿದೆ: ಮೈಮೇಲೆ ಕೆಂಪು ದದ್ದು ಎದ್ದು ಹಬ್ಬತೊಡಗಿದರೆ, ಬಾಯಿ, ತುಟಿ, ಕಣ್ಣು ಹುಣ್ಣಾದರೆ, ಚರ್ಮ ಸುಲಿದರೆ. ಆಗ ಮಾತ್ರೆ ನಿಲ್ಲಿಸಿ, ಆ ದಿನವೇ ಆಸ್ಪತ್ರೆಗೆ ಹೋಗಿ. ಸಲ್ಫಾ ಒಗ್ಗದವರಿಗೆ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಸಿಡ್ ಕೊಡುತ್ತಾರೆ. ಎರಡನೆಯದರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು, ಅದಕ್ಕೇ ಕೋಟ್ರೈಮಾಕ್ಸಜೋಲ್ ಮೊದಲ ಆಯ್ಕೆ.

ಈಗ ನೀವು ಆರಾಮವಾಗಿರುವ ವಿಷಯ. ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಕೊಟ್ಟ ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್ ನಿಮ್ಮ ಜೀವ ಉಳಿಸಿದೆ. ಥಾಯ್ಲೆಂಡಿನ ಉಬೋನ್ ರಾಚತಾನಿಯಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಔಷಧಿಗಳ ಬದಲು ಸೆಫ್ಟಾಜಿಡೈಮ್ ಕೊಟ್ಟಾಗ ತೀವ್ರ ಕಾಯಿಲೆಯವರ ಸಾವು ನೂರಕ್ಕೆ 74ರಿಂದ 37ಕ್ಕೆ ಇಳಿಯಿತು. ಆದರೆ ಇಂಜೆಕ್ಷನ್ ಮುಗಿದಾಗ ಜೀವಕೋಶದೊಳಗೆ, ವಾಸಿಯಾಗುತ್ತಿರುವ ಗುಳ್ಳೆಯ ಗೋಡೆಯೊಳಗೆ ಒಂದಷ್ಟು ರೋಗಾಣು ಉಳಿದೇ ಇರುತ್ತವೆ. ಗೊಬ್ಬರದ ಗುಂಡಿಯ ಬೆಂಕಿ ಮೇಲೆ ಆರಿ ಒಳಗೆ ಕೆಂಡ ಇರುವ ಹಾಗೆ ಅದು. ಮೂರು ತಿಂಗಳ ಮಾತ್ರೆ ಇರುವುದು ಆ ಉಳಿಕೆಗಾಗಿ. ಯಾವ ರೋಗಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ಹುಡುಕಿದವರಿಗೆ ಎಲ್ಲಕ್ಕಿಂತ ಎದ್ದು ಕಂಡ ಕಾರಣ ಮಾತ್ರೆ ಅರ್ಧಕ್ಕೆ ಬಿಟ್ಟದ್ದು. ಮರುಕಳಿಸಿದಾಗ ಅದು ಲಿವರಿಗೇ ಬರಬೇಕೆಂದಿಲ್ಲ, ಶ್ವಾಸಕೋಶಕ್ಕೋ ಮೂಳೆಗೋ ಬಂದು ಮತ್ತೆ ತಿಂಗಳ ಇಂಜೆಕ್ಷನ್‌ನಿಂದಲೇ ಶುರು.

ಬಿಟ್ಟ ಹತ್ತು ದಿನಕ್ಕೆ ಎಲ್ಲ ಮುಳುಗಿಹೋಗಿಲ್ಲ. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ, ಹೊಸ ಕೀವಿಲ್ಲದಿದ್ದರೆ ಮಾತ್ರೆ ಮತ್ತೆ ಶುರು ಮಾಡುತ್ತಾರೆ. ಎಲ್ಲಿಂದ ಎಣಿಸಬೇಕು ಎಂಬುದನ್ನು ಅವರಿಗೇ ಬಿಡಿ. ಬಿಟ್ಟದ್ದನ್ನು ಮಾತ್ರ ಮುಚ್ಚಿಡಬೇಡಿ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ಕೀವಿನ ಕಲ್ಚರ್‌ನಲ್ಲಿ ಆಗಾಗ ಸ್ಯೂಡೋಮೋನಾಸ್ ಜಾತಿ ಎಂದು ಬರೆದು ಕಳಿಸುತ್ತೇವೆ. ಅದರಲ್ಲಿ ಮೆಲಿಯಾಯ್ಡೋಸಿಸ್ ತಪ್ಪಿಹೋಗಿರಬಹುದೇ? ನಮ್ಮಲ್ಲಿ ದುಬಾರಿ ಯಂತ್ರಗಳಿಲ್ಲ.
— ಉತ್ತರ ಕನ್ನಡ

ಉತ್ತರ: ತಪ್ಪಿಹೋಗಿರಬಹುದು. ಯಂತ್ರವಿಲ್ಲದೆಯೂ ಅನುಮಾನಿಸಲು ಸಾಧ್ಯ ಎಂಬುದು ನಿಮ್ಮಂಥವರಿಗೆ ಒಳ್ಳೆಯ ಸುದ್ದಿ. ಗ್ರಾಂ ನೆಗೆಟಿವ್ ಕಡ್ಡಿ, ಆಕ್ಸಿಡೇಸ್ ಪಾಸಿಟಿವ್, ಇಷ್ಟಾದ ಮೇಲೆ ಮೂರು ಬಿಲ್ಲೆ ಇಟ್ಟು ನೋಡಿ. ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್‌ಗೆ ಬಗ್ಗುವುದಿಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಸಿಡ್‌ಗೆ ಬಗ್ಗುತ್ತದೆ. ಮಾಮೂಲಿ ಸ್ಯೂಡೋಮೋನಾಸ್ ಏರುಜಿನೋಸಾ ನಡೆದುಕೊಳ್ಳುವುದು ಹೆಚ್ಚು ಕಡಿಮೆ ಇದರ ತಿರುಗುಮುರುಗಾಗಿ. ಈ ಜೋಡಣೆ ಕಂಡರೆ ಮೆಲಿಯಾಯ್ಡೋಸಿಸ್ ಎಂದೇ ಹಿಡಿದು, ವೈದ್ಯರಿಗೆ ಫೋನ್ ಮಾಡಿ ಹೇಳಿ. ರಿಪೋರ್ಟ್ ಕೌಂಟರಿನಲ್ಲಿ ಕೂತಿರಬಾರದು. ಖಚಿತಪಡಿಸಲು ದೊಡ್ಡ ಲ್ಯಾಬ್‌ಗೆ ಕಳಿಸಿ.

ಎರಡು ಕಡೆ ಸೋಲುತ್ತೇವೆ. ಒಂದು, 24 ಗಂಟೆಗೆ ಪ್ಲೇಟ್ ಎಸೆದುಬಿಡುವುದು. ಇದು ನಿಧಾನವಾಗಿ ಬೆಳೆಯುವ ರೋಗಾಣು, ಮೊದಲ ದಿನ ಚುಕ್ಕಿಯಷ್ಟೇ ಕಾಣುತ್ತದೆ. ಮೂರು ನಾಲ್ಕು ದಿನ ಇಟ್ಟರೆ ಕಾಲನಿ ಒಣಗಿ ಸುಕ್ಕುಗಟ್ಟುತ್ತದೆ. ಆ್ಯಷ್‌ಡೌನ್ ಅಗರ್ ಸಿಕ್ಕಿದರೆ ಆ ಸುಕ್ಕು ನೇರಳೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಇನ್ನೊಂದು, ರಕ್ತದಲ್ಲಿ ಬೆಳೆದದ್ದನ್ನು ಹೊರಗಿನ ಕಲಬೆರಕೆ ಎಂದು ತಳ್ಳಿಹಾಕುವುದು. ಸ್ಲೈಡಿನಲ್ಲಿ ಎರಡೂ ತುದಿ ಗಾಢ, ನಡುವೆ ತಿಳಿ ಇರುವ ಪಿನ್ನಿನಂಥ ಕಡ್ಡಿ ಕಂಡರೆ ತಳ್ಳಬೇಡಿ.

ನಿಮ್ಮ ಸುರಕ್ಷತೆಗೂ ಒಂದು ಮಾತು. ಈ ರೋಗಾಣುವಿಗೆ ಮಣ್ಣಿನ ವಾಸನೆ ಇದೆ ಎಂದು ಕೇಳಿ ಪ್ಲೇಟ್ ಮೂಸಿ ನೋಡುವವರಿದ್ದಾರೆ. ಖಂಡಿತ ಬೇಡ. ಉಸಿರಿನಿಂದ ಒಳಹೋಗುವುದು ಇದರ ದಾರಿಗಳಲ್ಲಿ ಒಂದು. ಅನುಮಾನ ಬಂದ ಕೂಡಲೇ ಮುಂದಿನ ಕೆಲಸ ಸುರಕ್ಷತಾ ಕ್ಯಾಬಿನೆಟ್ಟಿನ ಒಳಗೆ ನಡೆಯಲಿ.

ಈ ರೋಗಾಣುವನ್ನು ಮೊದಲು ಕಂಡವರೂ ನಿಮ್ಮ ಹಾಗೆ ಮಾಮೂಲಿ ಆಸ್ಪತ್ರೆಯ ಮೇಜಿನ ಮುಂದೆ ಕೂತವರು. ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ 1912ರಲ್ಲಿ ಇದನ್ನು ವರದಿ ಮಾಡಿದರು. ಹಳೆಯ ಪುಸ್ತಕಗಳು ಕಾಯಿಲೆಗೆ ವಿಟ್‌ಮೋರ್‌ನ ಹೆಸರು ಇಟ್ಟವು. ಕೃಷ್ಣಸ್ವಾಮಿಯವರ ಹೆಸರನ್ನು ನಮ್ಮ ವೈದ್ಯ ವಿದ್ಯಾರ್ಥಿಗಳೂ ಕೇಳಿಲ್ಲ.

ಪ್ರಶ್ನೆ: ನನಗೆ ಶುಗರ್ ಇದೆ. ನೇಜಿ ನೆಡುವುದು, ಕಳೆ ಕೀಳುವುದು ನಾನೇ. ಪಕ್ಕದ ಮನೆಯವರಿಗೆ ಈ ಕಾಯಿಲೆ ಬಂದ ಮೇಲೆ ಮಗಳು ಗದ್ದೆಗೆ ಇಳಿಯಲು ಬಿಡುವುದಿಲ್ಲ. ಬೇಸಾಯ ಬಿಡಲೇಬೇಕೇ? ಮಣ್ಣಿಗೆ ಏನಾದರೂ ಹಾಕಿ ರೋಗಾಣು ಕೊಲ್ಲಲು ಆಗುವುದಿಲ್ಲವೇ?
— ಬ್ರಹ್ಮಾವರ

ಉತ್ತರ: ಮಣ್ಣಿಗೆ ಏನೂ ಹಾಕಬೇಡಿ ಅಮ್ಮಾ, ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಈ ರೋಗಾಣು ಮೊಳ ಆಳಕ್ಕೂ ಇಳಿದು ತೇವ ಹುಡುಕಿಕೊಂಡಿರುತ್ತದೆ, ಮಳೆ ಹಿಡಿದಾಗ ನೀರಿನೊಂದಿಗೆ ಮೇಲೆ ಬರುತ್ತದೆ. ಸುಣ್ಣವೋ ಬ್ಲೀಚಿಂಗ್ ಪೌಡರೋ ಎರಚಿ ಬೈಲನ್ನು ತೊಳೆಯಲು ಆಗದು.

ಬೇಸಾಯ ಬಿಡಿ ಎಂದು ನಾನು ಹೇಳುವುದಿಲ್ಲ. ಈ ಮಣ್ಣಿನಲ್ಲಿ ಓಡಾಡುವ ಹೆಚ್ಚಿನವರ ಮೈಗೆ ರೋಗಾಣು ತಾಗಿರುತ್ತದೆ, ಕಾಯಿಲೆ ಬೀಳುವವರು ಕೆಲವೇ ಜನ. ಹಾಗೆ ಬೀಳುವವರಲ್ಲಿ ಶುಗರ್ ಇರುವವರು ಹೆಚ್ಚು. ಆದ್ದರಿಂದ ನಿಮಗೆ ಮೊದಲ ರಕ್ಷಣೆ ಶುಗರ್ ಹತೋಟಿ. ನಾಟಿಗೆ ಮುಂಚೆ, ಮೇ ತಿಂಗಳಲ್ಲೇ, ಮೂರು ತಿಂಗಳ ಸರಾಸರಿ ಶುಗರ್ ಮಾಡಿಸಿ. ಅದು 9, 10 ಎಂದು ಬಂದರೆ ಔಷಧಿ ಸರಿಮಾಡಿಕೊಂಡ ಮೇಲೆ ಕೆಸರಿಗೆ ಇಳಿಯಿರಿ.

ಬೂಟು, ಕೈಗವಸು ಹಾಕಿ ಎಂದು ಎಲ್ಲ ಕರಪತ್ರಗಳಲ್ಲೂ ಇರುತ್ತದೆ. ಮೊಣಕಾಲಿನವರೆಗಿನ ರಬ್ಬರ್ ಬೂಟು ತೋಡಿನ ಬದಿ, ಹುಣಿಯ ಮೇಲೆ, ನೀರು ಬಿಡುವ ಕೆಲಸಕ್ಕೆ ಚೆನ್ನಾಗಿಯೇ ಇದೆ. ಹೂತುಹೋಗುವ ಕೆಸರಿನಲ್ಲಿ ನೇಜಿ ನೆಡುವವರಿಗೆ ಬೂಟು ಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಅದನ್ನು ಬರೆದವರು ನೆಟ್ಟು ನೋಡಿಲ್ಲ ಎನಿಸುತ್ತದೆ. ನೀವು ನೆಡುವ ಕೆಲಸವನ್ನು ನಾಟಿ ಯಂತ್ರಕ್ಕೋ ಶುಗರ್ ಇಲ್ಲದ ಆಳಿಗೋ ಬಿಟ್ಟು, ಬೂಟು ಹಾಕಿ ಮಾಡಬಹುದಾದ ಕೆಲಸ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಇಷ್ಟಾದರೂ ಮಾಡಿ: ಕಾಲಿನಲ್ಲಿ ಹುಣ್ಣು, ಬಿರುಕು, ಮುಳ್ಳು ಚುಚ್ಚಿದ ಗಾಯ ಇದ್ದ ದಿನ ಇಳಿಯಬೇಡಿ. ಹೊತ್ತು ಮುಳುಗುವ ಮೊದಲು ಶುದ್ಧ ನೀರು, ಸೋಪಿನಿಂದ ಕಾಲು ತೊಳೆದು, ಒರೆಸಿ, ಬೆರಳ ಸಂದಿ, ಅಂಗಾಲು ನೋಡಿ. ಶುಗರ್ ಇರುವವರಿಗೆ ಪಾದದ ಸ್ಪರ್ಶ ಕಡಿಮೆಯಾಗಿ ಗಾಯ ನೋಯುವುದೇ ಇಲ್ಲ, ಕಣ್ಣಿನಿಂದಲೇ ಹುಡುಕಬೇಕು. ಅಂಗಾಲು ನಿಮಗೆ ಕಾಣದಿದ್ದರೆ ಮಗಳು ನೋಡಲಿ.

ಜೋರು ಗಾಳಿಮಳೆಗೆ ಬಯಲಿನಲ್ಲಿ ನಿಲ್ಲಬೇಡಿ, ನೀರಿನ ಹನಿಯ ಜೊತೆ ರೋಗಾಣು ಉಸಿರಿಗೆ ಹೋಗಬಹುದು. ಮಳೆಗಾಲದಲ್ಲಿ ಬಾವಿ ನೀರು ಕುದಿಸಿ ಕುಡಿಯಿರಿ. ಲಸಿಕೆ ಇಲ್ಲ. ಮುಂಜಾಗ್ರತೆಗೆಂದು ಆ್ಯಂಟಿಬಯೋಟಿಕ್ ನುಂಗುವುದು ರೈತರಿಗೆ ಬೇಡ.

ಪ್ರಶ್ನೆ: ನಮ್ಮ ಮಾವ ಇಪ್ಪತ್ತು ವರ್ಷದಿಂದ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಶುಗರ್ ಇದೆ. ಜುಲೈಯಲ್ಲಿ ಊರಿಗೆ ಬಂದು ಗದ್ದೆ ಕೆಲಸದಲ್ಲಿ ಕೈ ಹಾಕಿ ಹೋದರು. ಹದಿನೈದು ದಿನಕ್ಕೆ ಅಲ್ಲಿ ಜ್ವರ, ನ್ಯುಮೋನಿಯಾ. ಅಲ್ಲಿನ ವೈದ್ಯರು ಊರಿನ ಬಗ್ಗೆ ಏನೂ ಕೇಳಲಿಲ್ಲ. ಇದು ಆ ಕಾಯಿಲೆ ಆಗಿರಬಹುದೇ?
— ಉಡುಪಿ

ಉತ್ತರ: ಆಗಿರಬಹುದು. ರೋಗಾಣು ಒಳಹೊಕ್ಕ ಮೇಲೆ ಕಾಯಿಲೆ ತೋರಲು ಸಾಮಾನ್ಯವಾಗಿ ಒಂದರಿಂದ 21 ದಿನ, ಸರಾಸರಿ ಒಂಬತ್ತು ದಿನ. ನಿಮ್ಮ ಮಾವನ ಹದಿನೈದು ದಿನ ಅದರ ಒಳಗೇ ಬರುತ್ತದೆ. ಅಪರೂಪಕ್ಕೆ ರೋಗಾಣು ಮೈಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುವುದೂ ಉಂಟು, ಎರಡನೇ ಮಹಾಯುದ್ಧದ ಸೈನಿಕರೊಬ್ಬರಲ್ಲಿ 62 ವರ್ಷದ ನಂತರ ಎದ್ದದ್ದು ದಾಖಲಾಗಿದೆ. ಆದ್ದರಿಂದ ಊರು ಬಿಟ್ಟು ಎಷ್ಟೋ ಕಾಲವಾಯಿತು ಎಂಬುದು ಅದನ್ನು ಅಲ್ಲಗಳೆಯಲು ಸಾಲದು.

ನ್ಯುಮೋನಿಯಾಗೆ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಈ ರೋಗಾಣುವಿಗೆ ಸಾಲುವುದಿಲ್ಲ. ಅವುಗಳನ್ನೇ ನಂಬಿ ಮೂರು ದಿನ ಕಾಯುವುದು ಅಪಾಯ. ತೀವ್ರ ರೂಪದಲ್ಲಿ ರೋಗಾಣು ರಕ್ತಕ್ಕೆ ಇಳಿದರೆ ಎರಡು ದಿನದಲ್ಲಿ ಉಸಿರಾಟ ನಿಲ್ಲುವ ಸ್ಥಿತಿ ಬರಬಹುದು. ಇಂದೇ ಫೋನ್ ಮಾಡಿ ಅಲ್ಲಿನ ವೈದ್ಯರಿಗೆ ಮೂರು ಮಾತು ಹೇಳಲು ತಿಳಿಸಿ: ಕರಾವಳಿ ಕರ್ನಾಟಕದ ಊರು, ಜುಲೈಯಲ್ಲಿ ಗದ್ದೆ ಕೆಲಸ, ಹಳೆಯ ಶುಗರ್. ರಕ್ತ, ಕಫ, ಮೂತ್ರ ಮೂರನ್ನೂ ಕಲ್ಚರ್‌ಗೆ ಕಳಿಸಿ, ಮೆಲಿಯಾಯ್ಡೋಸಿಸ್ ಅನುಮಾನ ಎಂದು ಚೀಟಿಯ ಮೇಲೆ ಬರೆಯಲು ಕೇಳಿಕೊಳ್ಳಿ. ಹಾಗೆ ಬರೆದರೆ ಲ್ಯಾಬ್‌ನವರು ಪ್ಲೇಟನ್ನು ಬೇಗ ಎಸೆಯುವುದಿಲ್ಲ. ಮುಂಬಯಿ, ಪುಣೆ, ಕೊಲ್ಲಿ ದೇಶಗಳಲ್ಲಿ ದುಡಿದು ಮಳೆಗಾಲಕ್ಕೆ ಊರಿಗೆ ಬಂದು ಹೋಗುವ ಎಲ್ಲರೂ, ಜ್ವರ ಬಂದಾಗ ವೈದ್ಯರು ಕೇಳಲಿ ಬಿಡಲಿ, ಈ ಮೂರನ್ನು ತಾವಾಗಿಯೇ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.